ಗೆರೆ ಎಣಿಸುವುದು, ಗೆರೆ ಅಳೆಯುವುದು

ಈಚೆಗೆ ಒಬ್ಬ ಸಂಶೋಧನಾ ವಿದ್ಯಾರ್ಥಿಯ ಪ್ರಬಂಧದ ಕರಡು ನನ್ನ ಮೇಜಿಗೆ ಬಂತು. ಪ್ರೋಟಾನ್ ಎನ್‌ಎಂಆರ್ ಪಟ್ಟಿಯಲ್ಲಿ ಒಂದು ಈಥೈಲ್ ಗುಂಪು. CH3 ಟ್ರಿಪ್ಲೆಟ್, ಕಪ್ಲಿಂಗ್ 7.6 ಹರ್ಟ್ಸ್, ಅದರ ಪಕ್ಕದ CH2 ಕ್ವಾರ್ಟೆಟ್, ಕಪ್ಲಿಂಗ್ 6.8 ಹರ್ಟ್ಸ್. ಇದು ಆಗದ ಮಾತು. CH3 ಎಷ್ಟು ದೂರಕ್ಕೆ CH2 ಅನ್ನು ಸೀಳುತ್ತದೋ CH2 ಕೂಡ ಅಷ್ಟೇ ದೂರಕ್ಕೆ CH3 ಅನ್ನು ಸೀಳಬೇಕು. ಕೊಟ್ಟದ್ದು, ಪಡೆದದ್ದು ಒಂದೇ ಸಂಖ್ಯೆ. ಕೇಳಿದರೆ "ಸಾಫ್ಟ್‌ವೇರೇ ಹಾಗೆ ಕೊಟ್ಟಿದೆ ಸಾರ್" ಎಂದ. ಸಾಫ್ಟ್‌ವೇರಿನ ತಪ್ಪೇನಿಲ್ಲ. ಬಿಂದುಗಳು ವಿರಳವಾಗಿದ್ದ ರೋಹಿತದಲ್ಲಿ ಅದು ತನಗೆ ಕಂಡಷ್ಟನ್ನು ಹೇಳಿತ್ತು. ಎರಡೂ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕಾದವನು ನೋಡಿರಲಿಲ್ಲ, ಅಷ್ಟೆ.

ರೋಹಿತ ಓದುವ ಈ ಕೆಲಸ ಎಲ್ಲಿಂದ ಬಂತು, ಎಲ್ಲಿಗೆ ಬಂದು ನಿಂತಿದೆ ಎಂದು ಬರೆಯಲು ನೆಪವಾದದ್ದು ಆ ಕರಡು.

ಆರಂಭದ ಕತೆ ಎಲ್ಲ ಪುಸ್ತಕದಲ್ಲೂ ಇದೆ. 1945-46ರಲ್ಲಿ ಹಾರ್ವರ್ಡ್‌ನಲ್ಲಿ ಪರ್ಸೆಲ್ ತಂಡ ಪ್ಯಾರಾಫಿನ್ ಮೇಣದಲ್ಲಿ, ಸ್ಟ್ಯಾನ್‌ಫರ್ಡ್‌ನಲ್ಲಿ ಬ್ಲಾಕ್ ತಂಡ ನೀರಿನಲ್ಲಿ ಪ್ರೋಟಾನಿನ ಅನುರಣನ ಕಂಡವು. 1952ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅವರು ಭೌತವಿಜ್ಞಾನಿಗಳು. ಒಂದೇ ಬಗೆಯ ನ್ಯೂಕ್ಲಿಯಸ್ ಬೇರೆ ಬೇರೆ ಸಂಯುಕ್ತಗಳಲ್ಲಿ ಬೇರೆ ಬೇರೆ ಜಾಗದಲ್ಲಿ ಮೊಳಗುತ್ತದೆ ಎಂದು ಗೊತ್ತಾದಾಗ ಅದು ಅವರಿಗೆ ಕಿರಿಕಿರಿಯಾಗಿಯೇ ಕಂಡಿತು. ರಸಾಯನಶಾಸ್ತ್ರಜ್ಞರ ಪಾಲಿನ ಮೊದಲ ದಿನ 1951ರದ್ದು. ಆರ್ನಾಲ್ಡ್, ಧರ್ಮಟ್ಟಿ, ಪ್ಯಾಕರ್ಡ್ ಎಂಬ ಮೂವರು ಈಥೈಲ್ ಆಲ್ಕೋಹಾಲಿನಲ್ಲಿ ಮೂರು ಬೇರೆ ಬೇರೆ ದಿಬ್ಬ ತೋರಿಸಿದರು. ಅವುಗಳ ವಿಸ್ತೀರ್ಣ 1:2:3. ಅಂದರೆ OH, CH2, CH3. ನಡುವಿನ ಹೆಸರು ಉತ್ತರ ಕರ್ನಾಟಕದವರ ಕಿವಿಗೆ ಮನೆಯ ಹೆಸರಿನಂತೆ ಕೇಳುತ್ತದೆ. ಆ ಧರ್ಮಟ್ಟಿಯವರೇ ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದು ಎನ್‌ಎಂಆರ್ ಕೆಲಸ ಕಟ್ಟಿದರು. ಅದೇ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಹರಿಯುವ ದ್ರವದಲ್ಲಿ ಅನುರಣನ ಅಳೆದು ಪ್ರಕಟಿಸಿದ್ದರು. ನಮ್ಮ ತರಗತಿಗಳಲ್ಲಿ ಈ ಎರಡೂ ಹೆಸರು ಕೇಳಿಬರುವುದಿಲ್ಲ.

ಗಮನಿಸಬೇಕಾದದ್ದು, ಮೊದಲು ಬಂದದ್ದು ಇಂಟಿಗ್ರೇಷನ್. ಸೀಳು ಆಮೇಲೆ ಬಂತು. 1951ರ ಕಾಂತ ಅಷ್ಟೇನೂ ಸಮರೂಪಿಯಾಗಿರಲಿಲ್ಲ, ಹಾಗಾಗಿ ಮೂರು ದಿಬ್ಬಗಳೂ ನುಣುಪಾಗಿದ್ದವು. ಕಾಂತ ಸುಧಾರಿಸಿದಂತೆ ದಿಬ್ಬಗಳ ಒಳಗೆ ಗೆರೆಗಳು ಮೂಡಿದವು. ಇಲಿನಾಯ್‌ನಲ್ಲಿ ಗುಟೋವ್ಸ್ಕಿ, ಮೆಕ್ಕಾಲ್, ಸ್ಲಿಕ್ಟರ್ ಮೂವರೂ, ಬೇರೆ ದಾರಿಯಿಂದ ಹಾನ್ ಮತ್ತು ಮ್ಯಾಕ್ಸ್‌ವೆಲ್ ಕೂಡ ಈ ಸೀಳನ್ನು ಕಂಡರು. ನೆರೆಯ ನ್ಯೂಕ್ಲಿಯಸ್‌ನ ಸುದ್ದಿ ಬಂಧದ ಎಲೆಕ್ಟ್ರಾನುಗಳ ಮೂಲಕ ತಲುಪುತ್ತದೆ ಎಂದು 1952ರಲ್ಲಿ ರ‍್ಯಾಮ್ಸೆ ಮತ್ತು ಪರ್ಸೆಲ್ ವಿವರಿಸಿದರು. ಕಾಂತ ಎಷ್ಟೇ ದೊಡ್ಡದಾದರೂ ಸೀಳಿನ ಅಂತರ ಹರ್ಟ್ಸ್‌ನಲ್ಲಿ ಬದಲಾಗದಿರುವುದು ಇದರಿಂದಲೇ.

ಆಲ್ಕೋಹಾಲಿನ ಕತೆ ಅಲ್ಲಿಗೆ ಮುಗಿಯಲಿಲ್ಲ, ಮತ್ತು ಅದರ ಮುಂದಿನ ಭಾಗವನ್ನೇ ಈಗ ಹಾರಿಸಿಬಿಡುತ್ತಾರೆ. ತರಗತಿಯಲ್ಲಿ ಹೇಳಿಕೊಡುವ ಈಥೈಲ್ ಆಲ್ಕೋಹಾಲಿನಲ್ಲಿ CH3 ಟ್ರಿಪ್ಲೆಟ್, CH2 ಕ್ವಾರ್ಟೆಟ್, OH ಒಂಟಿ ಗೆರೆ. ನೆರೆಯಲ್ಲಿ n ಪ್ರೋಟಾನ್ ಇದ್ದರೆ n+1 ಗೆರೆ ಎಂಬ ಮಂತ್ರಕ್ಕೆ ಇದೇ ಉದಾಹರಣೆ. ಆದರೆ CH2ಗೆ CH3 ಒಂದೇ ನೆರೆಯೇ? OH ಕೂಡ ನೆರೆಯೇ ಅಲ್ಲವೇ? ಇರಿಸಿಕೊಂಡ ಆಲ್ಕೋಹಾಲಿನಲ್ಲಿ ಸ್ವಲ್ಪ ನೀರು, ಆಮ್ಲದ ಸುಳಿವು ಇದ್ದೇ ಇರುತ್ತದೆ. OH ಪ್ರೋಟಾನ್ ಒಂದು ಅಣುವಿನಿಂದ ಇನ್ನೊಂದಕ್ಕೆ ಅತಿ ಬೇಗ ಜಿಗಿಯುತ್ತಿರುತ್ತದೆ. ಆ ಓಡಾಟದಲ್ಲಿ ಅದರ ಸುದ್ದಿ CH2ಗೆ ಸರಾಸರಿಯಾಗಿ ಸೊನ್ನೆಯಾಗುತ್ತದೆ. ಚೆನ್ನಾಗಿ ಒಣಗಿಸಿ ಶುದ್ಧ ಮಾಡಿದ ಆಲ್ಕೋಹಾಲಿನಲ್ಲಿ ಜಿಗಿತ ನಿಧಾನವಾಗಿ, OH ಟ್ರಿಪ್ಲೆಟ್ ಆಗುತ್ತದೆ. ಆಗ CH2ಗೆ ನಾಲ್ಕು ನೆರೆ. ಮಂತ್ರದ ಪ್ರಕಾರ ಐದು ಗೆರೆ ಬರಬೇಕು, ಬರುವುದು ಎಂಟು. CH3 ಜೊತೆಗಿನ ಕಪ್ಲಿಂಗ್ ಸುಮಾರು 7 ಹರ್ಟ್ಸ್, OH ಜೊತೆಗಿನದು ಸುಮಾರು 5. ಎರಡೂ ಬೇರೆಯಾದ್ದರಿಂದ ಮೊದಲು ನಾಲ್ಕಾಗಿ ಸೀಳಿದ್ದರಲ್ಲಿ ಪ್ರತಿಯೊಂದನ್ನೂ ಮತ್ತೆ ಎರಡಾಗಿ ಸೀಳಬೇಕು. n+1 ಅನ್ನುವುದು ಎಲ್ಲ ನೆರೆಗಳೂ ಒಂದೇ ಅಳತೆಯಲ್ಲಿ ಸೀಳಿದಾಗ ಮಾತ್ರ ಬರುವ ಲೆಕ್ಕ. ಅಳತೆ ಬೇರೆಯಾದ ಕೂಡಲೇ ಎಣಿಕೆ ಕೈಬಿಡುತ್ತದೆ.

ನನ್ನ ಪೀಳಿಗೆ ಇದನ್ನು ಕಲಿತದ್ದು 60 ಮೆಗಾಹರ್ಟ್ಸ್ ಯಂತ್ರದ ಕಾಗದದ ಮೇಲೆ. ಆಗ ಅದನ್ನು ಪಿಎಂಆರ್ ಎನ್ನುತ್ತಿದ್ದೆವು. 1961ರಲ್ಲಿ ಬಂದ ವೇರಿಯನ್ ಎ-60 ಎನ್‌ಎಂಆರ್ ಅನ್ನು ಭೌತವಿಜ್ಞಾನದ ಕೋಣೆಯಿಂದ ಸಾವಯವ ರಸಾಯನಶಾಸ್ತ್ರದ ಕೋಣೆಗೆ ತಂದ ಯಂತ್ರ. ಟಿಎಂಎಸ್ ಅನ್ನು ಸೊನ್ನೆಯ ಗುರುತಾಗಿ ಟಿಯರ್ಸ್ 1958ರಲ್ಲೇ ಸೂಚಿಸಿದ್ದ. ಸಿಲ್ವರ್‌ಸ್ಟೀನ್ ಮತ್ತು ಬ್ಯಾಸ್ಲರ್ ಅವರ ಪುಸ್ತಕ 1963ರಲ್ಲಿ ಬಂತು. ಅದಕ್ಕಿಂತ ನನಗೆ ಹತ್ತಿರವಾದದ್ದು ಜಾನ್ ರಾಬರ್ಟ್ಸ್ ಅವರ ಎರಡು ಚಿಕ್ಕ ಪುಸ್ತಕಗಳು. ಸೀಳನ್ನು ಲೆಕ್ಕವಾಗಿ ಕಲಿಸಿದ ಶಾಲೆ ಅದು. ಪೆನ್ನು ಒಮ್ಮೆ ರೋಹಿತ ಬರೆಯುತ್ತಿತ್ತು, ಎರಡನೆಯ ಸಲ ಅದರ ಮೇಲೆಯೇ ಮೆಟ್ಟಿಲು ಬರೆಯುತ್ತಿತ್ತು. ಮೆಟ್ಟಿಲಿನ ಎತ್ತರವೇ ಇಂಟಿಗ್ರೇಷನ್. ಎಲೆಕ್ಟ್ರಾನಿಕ್ಸ್ ವಾಲಿದರೆ ಮೆಟ್ಟಿಲೂ ವಾಲುತ್ತಿತ್ತು, ಆದ್ದರಿಂದ ಮೂರು ನಾಲ್ಕು ಸಲ ಓಡಿಸಿ ಸ್ಕೇಲಿನಲ್ಲಿ ಅಳೆದು ಸರಾಸರಿ ತೆಗೆಯುತ್ತಿದ್ದೆವು.

ಒಂದು ಉದಾಹರಣೆ ಕಡೆಯವರೆಗೂ ಬಿಡಿಸುತ್ತೇನೆ. ಅಣುಸೂತ್ರ C4H8O2. ನಾಲ್ಕು ಕಾರ್ಬನ್ನಿಗೆ ಹತ್ತು ಹೈಡ್ರೋಜನ್ ತುಂಬಬಹುದಿತ್ತು, ಎಂಟೇ ಇದೆ. ಅಂದರೆ ಒಂದು ದ್ವಿಬಂಧ ಅಥವಾ ಒಂದು ಉಂಗುರ. ಕಾಗದದಲ್ಲಿ ಮೂರು ಸಂಕೇತ: 4.12 ಪಿಪಿಎಂನಲ್ಲಿ ಕ್ವಾರ್ಟೆಟ್, 2.04ರಲ್ಲಿ ಒಂಟಿ ಗೆರೆ, 1.26ರಲ್ಲಿ ಟ್ರಿಪ್ಲೆಟ್. ಮೆಟ್ಟಿಲುಗಳು 27, 41, 42 ಮಿಲಿಮೀಟರ್. ಒಟ್ಟು 110, ಎಂಟು ಪ್ರೋಟಾನಿಗೆ ಹಂಚಿದರೆ ತಲಾ 13.75. ಹಾಗಾದರೆ ಮೂರು ಸಂಕೇತಕ್ಕೆ 1.96, 2.98, 3.05. ಇದನ್ನು 2, 3, 3 ಎಂದು ಓದುವುದರಲ್ಲಿ ಅನುಮಾನವಿಲ್ಲ. ಮೆಟ್ಟಿಲನ್ನು ಇಡೀ ಕ್ವಾರ್ಟೆಟ್‌ನ ಬುಡದಿಂದ ತುದಿಯವರೆಗೆ ಅಳೆಯಬೇಕು; ನಾಲ್ಕು ಗೆರೆಗಳ 1:3:3:1 ಎತ್ತರಕ್ಕೂ ಪ್ರೋಟಾನಿನ ಸಂಖ್ಯೆಗೂ ಸಂಬಂಧವಿಲ್ಲ.

ಈಗ ಸೀಳು. ಕ್ವಾರ್ಟೆಟ್‌ನ ಪಕ್ಕಪಕ್ಕದ ಗೆರೆಗಳ ಅಂತರ 7.1 ಹರ್ಟ್ಸ್, ಟ್ರಿಪ್ಲೆಟ್‌ನದೂ 7.1. ಇವೆರಡೂ ಪರಸ್ಪರ ನೆರೆ ಎನ್ನಲು ಇದು ಒಂದು ಸಾಕ್ಷಿ. ಇನ್ನೊಂದು ಸಾಕ್ಷಿ ಬರಿಗಣ್ಣಿಗೇ ಕಾಣುತ್ತದೆ: ಟ್ರಿಪ್ಲೆಟ್‌ನ ಹೊರಗೆರೆಗಳಲ್ಲಿ ಕ್ವಾರ್ಟೆಟ್ ಕಡೆಯದು ತುಸು ಎತ್ತರ, ಕ್ವಾರ್ಟೆಟ್‌ನಲ್ಲಿ ಟ್ರಿಪ್ಲೆಟ್ ಕಡೆಯದು ತುಸು ಎತ್ತರ. ಮನೆಯ ಸೂರಿನ ಎರಡು ಇಳಿಜಾರಿನಂತೆ ಅವು ಒಂದರ ಕಡೆಗೊಂದು ಏರುತ್ತವೆ. 60 ಮೆಗಾಹರ್ಟ್ಸ್‌ನಲ್ಲಿ ಎರಡರ ನಡುವಿನ ದೂರ ಸುಮಾರು 170 ಹರ್ಟ್ಸ್ ಮಾತ್ರ, ಕಪ್ಲಿಂಗ್‌ನ 24 ಪಟ್ಟು, ಆದ್ದರಿಂದ ವಾಲು ಕಾಣಿಸುತ್ತದೆ. 400ರಲ್ಲಿ ದೂರ 1140 ದಾಟಿ ವಾಲು ಮಂಕಾಗುತ್ತದೆ.

ಇಲ್ಲಿಗೆ ಕೈಯಲ್ಲಿರುವುದು ಒಂದು CH3CH2, ನೆರೆಯಿಲ್ಲದ ಒಂದು CH3. ಲೆಕ್ಕದಲ್ಲಿ ಉಳಿದದ್ದು ಒಂದು ಕಾರ್ಬನ್, ಎರಡು ಆಕ್ಸಿಜನ್, ಒಂದು ದ್ವಿಬಂಧ. ಎಸ್ಟರ್ ಗುಂಪು ಸರಿಹೊಂದುತ್ತದೆ. ಇಲ್ಲಿಯೇ ಅರ್ಧ ತರಗತಿ ಪೆನ್ನು ಇಟ್ಟುಬಿಡುತ್ತದೆ. ಆದರೆ ಎಸ್ಟರನ್ನು ಎರಡು ರೀತಿ ಜೋಡಿಸಬಹುದು: ಈಥೈಲ್ ಅಸಿಟೇಟ್, ಇಲ್ಲವೇ ಮೀಥೈಲ್ ಪ್ರೊಪಿಯೊನೇಟ್. ಎರಡರಲ್ಲೂ ಕ್ವಾರ್ಟೆಟ್, ಒಂಟಿ ಗೆರೆ, ಟ್ರಿಪ್ಲೆಟ್; ಎರಡರಲ್ಲೂ 2, 3, 3. ಸೀಳು ಮತ್ತು ಮೆಟ್ಟಿಲು ಎರಡಕ್ಕೂ ಇವುಗಳ ನಡುವೆ ತೀರ್ಪು ಕೊಡಲು ಆಗುವುದಿಲ್ಲ. ತೀರ್ಪು ಕೊಡುವುದು ಜಾಗ. ಆಕ್ಸಿಜನ್ನಿಗೆ ಅಂಟಿಕೊಂಡ ಕಾರ್ಬನ್ನಿನ ಪ್ರೋಟಾನ್ 4ರ ಆಸುಪಾಸಿಗೆ ಹೋಗುತ್ತದೆ, ಕಾರ್ಬೊನಿಲ್‌ಗೆ ಅಂಟಿಕೊಂಡದ್ದು 2ರ ಆಸುಪಾಸಿನಲ್ಲಿ ನಿಲ್ಲುತ್ತದೆ. ನಮ್ಮ ಕಾಗದದಲ್ಲಿ 4.12ಕ್ಕೆ ಹೋಗಿರುವುದು ಕ್ವಾರ್ಟೆಟ್, ಆದ್ದರಿಂದ ಆಕ್ಸಿಜನ್ ಮೇಲಿರುವುದು CH2. ಇದು ಈಥೈಲ್ ಅಸಿಟೇಟ್. ಮೀಥೈಲ್ ಪ್ರೊಪಿಯೊನೇಟ್ ಆಗಿದ್ದರೆ ಒಂಟಿ ಗೆರೆ 3.67ಕ್ಕೆ ಏರಿ, ಕ್ವಾರ್ಟೆಟ್ 2.3ಕ್ಕೆ ಇಳಿಯುತ್ತಿತ್ತು.

ಈ ಈಥೈಲ್ ಅಸಿಟೇಟ್ ನನ್ನನ್ನು ಒಮ್ಮೆ ಚೆನ್ನಾಗಿಯೇ ಮೋಸಗೊಳಿಸಿದೆ. ಸಂಶೋಧನೆಯ ಎರಡನೆಯ ವರ್ಷ ನನ್ನ ಸಂಯುಕ್ತವೊಂದರಲ್ಲಿ ಇದೇ ಮೂರು ಸಂಕೇತ ಕಂಡು, ಅಣುವಿಗೆ ಈಥೈಲ್ ಎಸ್ಟರ್ ಸೇರಿದೆ ಎಂದು ಒಂದು ವಾರ ಹಿಗ್ಗಿದ್ದೆ. ಮಾರ್ಗದರ್ಶಕರು ಕಾಗದ ನೋಡಿ ಸ್ಕೇಲು ಕೇಳಿದರು. ಆರೊಮ್ಯಾಟಿಕ್ ಪ್ರೋಟಾನ್ ನಾಲ್ಕು ಎಂದು ಇಟ್ಟುಕೊಂಡರೆ ಕ್ವಾರ್ಟೆಟ್ ಬರೀ 0.7. ಅಣುವಿನಲ್ಲಿ 0.7 ಪ್ರೋಟಾನ್ ಇರಲು ಸಾಧ್ಯವಿಲ್ಲ. ಕಾಲಮ್ಮಿನಿಂದ ಇಳಿಸಿದ ದ್ರಾವಕ ಪೂರ್ತಿ ಹೋಗಿರಲಿಲ್ಲ. ಮಾದರಿಯನ್ನು ರಾತ್ರಿಯಿಡೀ ನಿರ್ವಾತದಲ್ಲಿ ಇಟ್ಟೆ. ಬೆಳಗ್ಗೆ ಎಸ್ಟರೂ ಹೋಗಿತ್ತು, ಹಿಗ್ಗೂ ಹೋಗಿತ್ತು.

1966ರಲ್ಲಿ ಅರ್ನ್‌ಸ್ಟ್ ಮತ್ತು ಆಂಡರ್ಸನ್ ಫೂರಿಯೇ ಪರಿವರ್ತನೆಯ ವಿಧಾನ ತಂದ ಮೇಲೆ, ಅತಿವಾಹಕ ಕಾಂತಗಳು ಬಂದ ಮೇಲೆ ಆದ ಬದಲಾವಣೆಯನ್ನು ನಾನು ಅಲ್ಲಗಳೆಯುವುದಿಲ್ಲ. 60ರಲ್ಲಿ ಉದ್ದ ಸರಪಳಿಯ CH2ಗಳೆಲ್ಲ ಒಂದೇ ಗುಡ್ಡೆಯಾಗಿ, ತುದಿಯ CH3 ವಿಕಾರವಾದ ಟ್ರಿಪ್ಲೆಟ್ ಆಗಿ ಕಾಣುತ್ತಿದ್ದವು. ದೊಡ್ಡ ಕಾಂತ ಅವನ್ನು ಬಿಡಿಸಿತು. ಆದರೆ ಇಂಟಿಗ್ರೇಷನ್ನಿಗೆ ಹೊಸ ಯಂತ್ರ ಹೊಸ ತಪ್ಪೊಂದನ್ನು ತಂದಿದೆ. ಪ್ರತಿ ಸ್ಪಂದದ ನಂತರ ಪ್ರೋಟಾನ್ ಸುಧಾರಿಸಿಕೊಳ್ಳಲು ಕಾಲ ಬೇಕು. ಆ ಕಾಲಮಾನ T1 5 ಸೆಕೆಂಡ್ ಇರುವ ಒಂಟಿ ಪ್ರೋಟಾನಿಗೆ ಪೂರ್ತಿ 90 ಡಿಗ್ರಿ ಸ್ಪಂದ ಕೊಟ್ಟು ಎರಡೇ ಸೆಕೆಂಡಿಗೆ ಮತ್ತೆ ಹೊಡೆದರೆ ಅದರ ಮೆಟ್ಟಿಲು ಸರಿಯಾದ ಎತ್ತರದ ಮೂರನೇ ಒಂದು ಭಾಗಕ್ಕೆ ಕುಸಿಯುತ್ತದೆ. ಐದು T1ಯಷ್ಟು ಕಾಯ್ದರೆ ಶೇಕಡ 99 ಮರಳುತ್ತದೆ. ರೇಡಿಯೋ ಶಕ್ತಿ ಹೆಚ್ಚಿಸಿ ಸಂಕೇತವನ್ನು ಮಂಕು ಮಾಡಿಕೊಳ್ಳುವ ತಪ್ಪನ್ನು ನಾವೂ ಮಾಡುತ್ತಿದ್ದೆವು. ಆದರೆ ಗುಂಡಿ ನಮ್ಮ ಕೈಯಲ್ಲಿತ್ತು, ತಿರುಗಿಸಿದ್ದು ನಮಗೆ ಗೊತ್ತಿರುತ್ತಿತ್ತು. ಈಗ ವಿಳಂಬದ ಸಂಖ್ಯೆ ಯಾರೋ ಎಂದೋ ಬರೆದಿಟ್ಟ ಕಡತದಲ್ಲಿದೆ. 0.8 ಬಂದದ್ದು ಪಟ್ಟಿಯಲ್ಲಿ 1 ಆಗುತ್ತದೆ, ಯಾಕೆಂದರೆ ರಚನೆ ಮೊದಲೇ ಬರೆದಾಗಿದೆ. ಪ್ರಕಟವಾದ ಪಟ್ಟಿಗಳಲ್ಲಿ ಇಂಟಿಗ್ರೇಷನ್ ಯಾವಾಗಲೂ ಪೂರ್ಣಾಂಕವೇ. ಅಳೆದಾಗ ಬಂದ 1.96 ಎಲ್ಲೂ ಅಚ್ಚಾಗುವುದಿಲ್ಲ.

ಈಗ ಮೇಜಿನ ಮೇಲೆ ಕೂರುವ, ಶಾಶ್ವತ ಕಾಂತದ ಪುಟ್ಟ ಯಂತ್ರಗಳು ಬಂದಿವೆ. ಹೀಲಿಯಂ ಬೇಡ, ಪ್ರತ್ಯೇಕ ಕಟ್ಟಡ ಬೇಡ. ಅವುಗಳಲ್ಲಿ ಕೆಲವು ಮತ್ತೆ 60 ಮೆಗಾಹರ್ಟ್ಸ್‌ನವು. 400ರಲ್ಲಿ ಕಲಿತ ಹುಡುಗಿಯೊಬ್ಬಳು ಅಂಥದ್ದರ ಮುಂದೆ ಕೂತು, ಟ್ರಿಪ್ಲೆಟ್‌ನ ಒಂದು ತೋಳು ಉದ್ದವಾಗಿದೆ, ಶಿಮ್ಮಿಂಗ್ ಕೆಟ್ಟಿರಬೇಕು ಎಂದು ನನ್ನನ್ನು ಕರೆದಳು. ಉದ್ದವಾದ ತೋಳು ಯಾವ ಕಡೆಗಿದೆ ಎಂದು ಕೇಳಿದೆ. ಬಲದಿಂದ ಎಡಕ್ಕೆ ಬೆರಳು ಎಳೆಯುತ್ತ ಹೋದಳು, 4.12ರ ಕ್ವಾರ್ಟೆಟ್ ಮೇಲೆ ಬಂದು ಬೆರಳು ನಿಂತಿತು.