ಎಂಟು ಸೆಕೆಂಡಿನೊಳಗಿನ ತಿದ್ದುಪಡಿ

ಗಣಕದಲ್ಲಿ ಒಂದು ಪತ್ರವನ್ನು ಸಿದ್ಧಪಡಿಸಿ ನೀವು ಮುದ್ರಣಕ್ಕೆ ಆದೇಶ ಕೊಟ್ಟಿದ್ದೀರಿ ಎನ್ನೋಣ. ಆಗ ದಿನಾಂಕ ತಪ್ಪಾಗಿರುವುದು ಕಣ್ಣಿಗೆ ಬೀಳುತ್ತದೆ. ತೆರೆಯ ಮೇಲೆ ಥಟ್ಟನೆ ತಿದ್ದುತ್ತೀರಿ. ಆದರೂ ಪ್ರಿಂಟರಿನಿಂದ ಹೊರಬಂದ ಹಾಳೆಯಲ್ಲಿ ಹಳೆಯ ದಿನಾಂಕವೇ ಇರುತ್ತದೆ. ಆದೇಶವನ್ನೇ ರದ್ದು ಮಾಡಿದರೂ ಪ್ರಿಂಟರಿನ ಸ್ಮೃತಿಯೊಳಗೆ ಆಗಲೇ ಸೇರಿಬಿಟ್ಟ ಪುಟಗಳು ಬಂದೇ ಬರುತ್ತವೆ. ನಿಮಗೆ ಸ್ವಲ್ಪ ಸಿಟ್ಟು ಬರಬಹುದು. ಆದರೆ ಇಲ್ಲಿ ಮೋಸವೇನೂ ನಡೆದಿಲ್ಲ. ಗಣಕವು ನಿಮ್ಮ ಪತ್ರದ ಪೂರ್ತಿ ಪ್ರತಿಯೊಂದನ್ನು ಮೊದಲೇ ತೆಗೆದಿರಿಸಿಕೊಂಡು, ಅದನ್ನೇ ಮುದ್ರಿಸಿದೆ. ಹಾಳೆ ಹಳೆಯದಾದರೂ ಅಲ್ಲಿ ಎಲ್ಲವೂ ಹಳೆಯದೇ. ಅರ್ಧ ಹಳೆಯದು, ಅರ್ಧ ಹೊಸದು ಎಂಬ ಬೆರಕೆ ಇಲ್ಲ.

ಈ ಕೊನೆಯ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಯಾರ ಕೈಯೂ ಸೋಕದೆ ತನ್ನಷ್ಟಕ್ಕೆ ನಡೆಯುವ ಕೆಲಸವೊಂದು ನಾವು ಕೊಟ್ಟ ವಿವರವನ್ನು ಎತ್ತಿಕೊಂಡು ಹೊರಟ ಮೇಲೆ ನಾವು ಆ ವಿವರವನ್ನು ತಿದ್ದಿದರೆ ಏನಾಗಬೇಕು? ಈ ಪ್ರಶ್ನೆಗೆ ಉತ್ತರವನ್ನು ಸರಿಯಾಗಿ ಯೋಚಿಸದೆ ಹೋದುದರಿಂದ 1986ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಟೈಲರ್ ಎಂಬ ಊರಿನಲ್ಲಿ ಇಬ್ಬರು ರೋಗಿಗಳು ಪ್ರಾಣ ಕಳೆದುಕೊಂಡರು. ಭೌತವಿಜ್ಞಾನ ಕಲಿಸುವ ನನಗೆ ಈ ಪ್ರಸಂಗ ಮತ್ತೆ ಮತ್ತೆ ನೆನಪಾಗುತ್ತದೆ. ಅದರ ಒಂದು ತುದಿ ಅಯಸ್ಕಾಂತದಲ್ಲಿದೆ, ಇನ್ನೊಂದು ತುದಿ ಕೀಲಿಮಣೆಯಲ್ಲಿದೆ.

ಆ ಯಂತ್ರದ ಹೆಸರು ಥೆರಾಕ್-25. ಕೆನಡಾದ ಸರ್ಕಾರಿ ಸಂಸ್ಥೆಯಾಗಿದ್ದ ಎ.ಇ.ಸಿ.ಎಲ್. ತಯಾರಿಸಿದ, ಕ್ಯಾನ್ಸರ್ ಚಿಕಿತ್ಸೆಗೆ ಬಳಸುವ ರೇಖೀಯ ವೇಗೋತ್ಕರ್ಷಕ ಅದು. ಪಿಡಿಪಿ-11 ಎಂಬ ಚಿಕ್ಕ ಗಣಕ ಅದನ್ನು ನಡೆಸುತ್ತಿತ್ತು. ಅದು ಎರಡು ಬಗೆಯ ಚಿಕಿತ್ಸೆ ಕೊಡಬಲ್ಲುದಾಗಿತ್ತು. ಚರ್ಮದ ಹತ್ತಿರವಿರುವ ಗೆಡ್ಡೆಗೆ ಎಲೆಕ್ಟ್ರಾನುಗಳನ್ನೇ ನೇರವಾಗಿ ಹಾಯಿಸುವುದು ಒಂದು. ಆಳದಲ್ಲಿರುವ ಗೆಡ್ಡೆಗೆ ಎಲೆಕ್ಟ್ರಾನುಗಳನ್ನು ಲೋಹದ ಗುರಿಗೆ ಬಡಿಸಿ, ಅದರಿಂದ ಹೊಮ್ಮುವ ಕ್ಷ-ಕಿರಣಗಳನ್ನು ಕೊಡುವುದು ಇನ್ನೊಂದು. ಕ್ಷ-ಕಿರಣದ ಕಂತೆಯನ್ನು ಎಲ್ಲ ಕಡೆಗೂ ಒಂದೇ ಸಮ ಮಾಡಲು ದಾರಿಯಲ್ಲಿ ಲೋಹದ ಶೋಧಕವೊಂದನ್ನು ಇಡಬೇಕಾಗುತ್ತದೆ. ಅದು ಬಹುಪಾಲು ಕಿರಣವನ್ನು ನುಂಗಿಬಿಡುತ್ತದೆ. ಆದ್ದರಿಂದ ಕ್ಷ-ಕಿರಣ ಬೇಕಾದಾಗ ಎಲೆಕ್ಟ್ರಾನ್ ಪ್ರವಾಹವು ಎಲೆಕ್ಟ್ರಾನ್ ಚಿಕಿತ್ಸೆಗಿಂತ ಸುಮಾರು 100 ಪಟ್ಟು ಹೆಚ್ಚಿರಬೇಕು.

ಯಂತ್ರದ ತಲೆಯಲ್ಲಿ ತಿರುಗುವ ಬಿಲ್ಲೆಯೊಂದಿತ್ತು. ಅದರ ಒಂದು ಕಡೆ ಲೋಹದ ಗುರಿ ಮತ್ತು ಶೋಧಕ, ಇನ್ನೊಂದು ಕಡೆ ಎಲೆಕ್ಟ್ರಾನುಗಳನ್ನು ಹರಡುವ ಅಯಸ್ಕಾಂತಗಳು. ಬಿಲ್ಲೆ ಎಲೆಕ್ಟ್ರಾನ್ ಸ್ಥಾನದಲ್ಲಿದ್ದು, ಪ್ರವಾಹ ಮಾತ್ರ ಕ್ಷ-ಕಿರಣಕ್ಕೆ ಬೇಕಾದಷ್ಟು ಇದ್ದರೆ ಗತಿಯೇನು ಎಂಬುದನ್ನು ನೀವೇ ಊಹಿಸಬಲ್ಲಿರಿ. ಹಿಂದಿನ ಮಾದರಿಯಾದ ಥೆರಾಕ್-20ರಲ್ಲಿ ಇದನ್ನು ತಡೆಯಲು ತಂತ್ರಾಂಶದ ಹಂಗಿಲ್ಲದ ವಿದ್ಯುತ್ ತಡೆಗಳಿದ್ದವು. ಥೆರಾಕ್-25ರಲ್ಲಿ ಆ ಕಾವಲನ್ನು ತಂತ್ರಾಂಶಕ್ಕೇ ಒಪ್ಪಿಸಲಾಗಿತ್ತು.

1986ರ ಮಾರ್ಚ್ 21ರಂದು ಟೈಲರ್ ಆಸ್ಪತ್ರೆಯಲ್ಲಿ ರೋಗಿಯೊಬ್ಬರ ಬೆನ್ನಿನ ಮೇಲ್ಭಾಗಕ್ಕೆ 180 ರ‍್ಯಾಡ್ ಪ್ರಮಾಣದ ಎಲೆಕ್ಟ್ರಾನ್ ಚಿಕಿತ್ಸೆ ಕೊಡಬೇಕಾಗಿತ್ತು. ಯಂತ್ರ ನಡೆಸುವಾಕೆ ಪಕ್ಕದ ಕೋಣೆಯಲ್ಲಿ ಕುಳಿತು ವಿವರಗಳನ್ನು ತುಂಬಿದರು. ಅವರು ಅನುಭವಸ್ಥರು, ಬೆರಳುಗಳು ಚುರುಕು. ದಿನನಿತ್ಯದ ಚಿಕಿತ್ಸೆಗಳಲ್ಲಿ ಹೆಚ್ಚಿನವು ಕ್ಷ-ಕಿರಣದವೇ ಆದ್ದರಿಂದ ರೂಢಿಯ ಬಲದಿಂದ e ಒತ್ತುವಲ್ಲಿ x ಒತ್ತಿದರು. ಉಳಿದ ಸಾಲುಗಳನ್ನು ದಾಟಿ ಕೆಳಗೆ ಬಂದಾಗ ತಪ್ಪು ಗೊತ್ತಾಯಿತು. ಮೇಲ್ಮುಖ ಬಾಣದ ಕೀಲಿಯಿಂದ ಮೇಲಕ್ಕೆ ಹೋಗಿ x ಅನ್ನು e ಎಂದು ತಿದ್ದಿ, ಉಳಿದ ಸಾಲುಗಳಲ್ಲಿ ಬರಿದೆ ರಿಟರ್ನ್ ಕೀಲಿ ಒತ್ತುತ್ತಾ ಮತ್ತೆ ಕೊನೆಯ ಸಾಲಿಗೆ ಬಂದರು. ತೆರೆಯ ಮೇಲೆ ಎಲ್ಲ ಸಾಲುಗಳ ಎದುರು VERIFIED ಎಂದಿತ್ತು. ಸ್ವಲ್ಪ ಹೊತ್ತಿಗೆ BEAM READY ಎಂದೂ ಬಂತು. B ಒತ್ತಿದರು.

ಯಂತ್ರ ಕೂಡಲೇ ನಿಂತು MALFUNCTION 54 ಎಂದಿತು. ಕೊಡಬೇಕಾಗಿದ್ದುದು 202 ಮಾನಕಗಳು, ಕೊಟ್ಟದ್ದು ಬರೀ 6 ಎಂದು ತೆರೆ ತೋರಿಸಿತು. ಇಂಥ ಸಂಖ್ಯೆಗಳನ್ನು ತೋರಿಸಿ ನಿಲ್ಲುವುದು ಆ ಯಂತ್ರಕ್ಕೆ ಮಾಮೂಲಾಗಿತ್ತು. ಅವರು P ಒತ್ತಿ ಮುಂದುವರಿಸಿದರು. ಒಳಗೆ ರೋಗಿಗೆ ಬೆನ್ನಿನಲ್ಲಿ ವಿದ್ಯುತ್ ಹೊಡೆದಂತಾಗಿ ಏಳಲು ಯತ್ನಿಸುತ್ತಿದ್ದರು. ಅಷ್ಟರಲ್ಲಿ ಎರಡನೆಯ ಹೊಡೆತ ಬಿತ್ತು. ಒಳಗಿನ ದೃಶ್ಯ ತೋರಿಸುವ ಉಪಕರಣವಾಗಲಿ, ಧ್ವನಿ ಕೇಳಿಸುವುದಾಗಲಿ ಆ ದಿನ ಕೆಲಸ ಮಾಡುತ್ತಿರಲಿಲ್ಲ. ಸುಮಾರು 1 ಸೆಂಟಿಮೀಟರ್ ಜಾಗಕ್ಕೆ ಒಂದು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ 16,500ರಿಂದ 25,000 ರ‍್ಯಾಡ್ ಬಿದ್ದಿರಬೇಕೆಂದು ಆಮೇಲೆ ಅಂದಾಜು ಮಾಡಲಾಯಿತು. ಐದು ತಿಂಗಳ ನಂತರ ಅವರು ತೀರಿಕೊಂಡರು.

ಈಗ ಗಣಕದ ಒಳಗೆ ಏನಾಯಿತೆಂದು ನೋಡೋಣ. ಅಲ್ಲಿ ಹಲವು ಕೆಲಸಗಳು ಸರದಿಯಂತೆ, ಹೆಚ್ಚುಕಡಿಮೆ ಏಕಕಾಲದಲ್ಲಿ ನಡೆಯುತ್ತಿದ್ದವು. ಒಂದು ಕೆಲಸ ಕೀಲಿಮಣೆಯನ್ನು ಗಮನಿಸುತ್ತಿತ್ತು. ತೆರೆಯ ಮೇಲಿನ ಗುರುತು, ಅಂದರೆ ಕರ್ಸರ್, ಕೊನೆಯ ಸಾಲಿಗೆ ಬಂದೊಡನೆ ಅದು ‘ವಿವರ ತುಂಬಿದ್ದು ಮುಗಿಯಿತು’ ಎಂಬ ಸೂಚಕವನ್ನು ಏರಿಸುತ್ತಿತ್ತು. ಇನ್ನೊಂದು ಕೆಲಸ ಚಿಕಿತ್ಸೆಯ ಬಗೆ ಮತ್ತು ಶಕ್ತಿಯನ್ನು ಓದಿಕೊಂಡು, ಪ್ರವಾಹ ಮೊದಲಾದ ಮೌಲ್ಯಗಳನ್ನು ಗೊತ್ತುಮಾಡಿ, ಎಲೆಕ್ಟ್ರಾನುಗಳ ದಾರಿ ಬಾಗಿಸುವ ಅಯಸ್ಕಾಂತಗಳನ್ನು ಹೊಂದಿಸಲು ತೊಡಗುತ್ತಿತ್ತು. ಅಯಸ್ಕಾಂತದ ಸುರುಳಿಯಲ್ಲಿ ಪ್ರವಾಹ ಒಮ್ಮೆಲೇ ನೆಗೆಯಲಾರದೆಂಬುದು ನಿಮಗೆ ಗೊತ್ತೇ ಇದೆ. ಎಲ್ಲ ಅಯಸ್ಕಾಂತಗಳೂ ಸಿದ್ಧವಾಗಲು ಸುಮಾರು 8 ಸೆಕೆಂಡು ಬೇಕಾಗುತ್ತಿತ್ತು.

ಆ 8 ಸೆಕೆಂಡಿನಲ್ಲಿ ಯಾರಾದರೂ ವಿವರ ತಿದ್ದಬಹುದೆಂಬ ಯೋಚನೆ ತಂತ್ರಾಂಶ ಬರೆದವರಿಗೆ ಬಂದಿರಲಿಲ್ಲವೇ? ಬಂದಿತ್ತು. ಇದು ನನ್ನನ್ನು ಹೆಚ್ಚು ಕಾಡುವ ಸಂಗತಿ. ಒಂದೊಂದು ಅಯಸ್ಕಾಂತಕ್ಕೂ ಕಾಯುವಾಗ, ತಿದ್ದುಪಡಿ ಬಂದಿದೆಯೇ ಎಂದು ನೋಡುವ ಏರ್ಪಾಡಿತ್ತು. ಬಂದಿದ್ದರೆ ಮಾಡಿದ್ದನ್ನು ಬಿಟ್ಟು ಹಿಂದಿರುಗಬೇಕು. ಆದರೆ ಈ ತಪಾಸಣೆ ನಡೆಯುತ್ತಿದ್ದುದು ‘ಅಯಸ್ಕಾಂತಗಳ ಹೊಂದಾಣಿಕೆ ನಡೆದಿದೆ’ ಎಂಬ ಇನ್ನೊಂದು ಸೂಚಕ ಮೇಲಿದ್ದಾಗ ಮಾತ್ರ. ಆ ಸೂಚಕವನ್ನು ಎಲ್ಲ ಅಯಸ್ಕಾಂತಗಳೂ ಮುಗಿದ ಮೇಲೆ ಇಳಿಸುವ ಬದಲು, ಮೊದಲನೆಯ ಕಾಯುವಿಕೆಯಲ್ಲೇ ಇಳಿಸಿಬಿಡುತ್ತಿದ್ದರು. ಹೀಗಾಗಿ ಎರಡನೆಯ ಅಯಸ್ಕಾಂತದಿಂದ ಮುಂದಕ್ಕೆ ಯಾರೂ ನೋಡುತ್ತಲೇ ಇರಲಿಲ್ಲ. ಮೇಲಕ್ಕೆ ಹೋಗಿ ತಿದ್ದಿ, 8 ಸೆಕೆಂಡಿನೊಳಗೆ ಕೊನೆಯ ಸಾಲಿಗೆ ಮರಳಿದರೆ ಗಣಕಕ್ಕೆ ಏನೂ ಆದಂತೆಯೇ ಅನ್ನಿಸುತ್ತಿರಲಿಲ್ಲ. ಕರ್ಸರ್ ಈಗ ಎಲ್ಲಿದೆ ಎಂಬುದು ಅದಕ್ಕೆ ಗೊತ್ತಿತ್ತು. ನಾನು ಓದಿಕೊಂಡ ಮೇಲೆ ವಿವರ ಬದಲಾಗಿದೆಯೇ ಎಂಬುದು ಗೊತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ರೋಗಿಗೆ ಎಲೆಕ್ಟ್ರಾನುಗಳ ಬದಲು ಕ್ಷ-ಕಿರಣ ಬೀಳುತ್ತಿತ್ತು. ಅದು ತಪ್ಪು ಚಿಕಿತ್ಸೆಯೇ. ಆದರೂ ಗುರಿ ಮತ್ತು ಶೋಧಕಗಳ ಮೂಲಕ ಹಾದು ಬಂದ ಕಿರಣವಾಗಿರುತ್ತಿತ್ತು. ಪ್ರಿಂಟರಿನ ಹಳೆಯ ಹಾಳೆಯಂತೆ ಎಲ್ಲವೂ ಹಳೆಯದೇ ಆಗಿರುತ್ತಿತ್ತು. ಇಲ್ಲಿ ಹಾಗಾಗಲಿಲ್ಲ. ಚಿಕಿತ್ಸೆಯ ಬಗೆಯನ್ನು ಎರಡು ಬೈಟುಗಳಲ್ಲಿ ಬರೆದಿಡಲಾಗುತ್ತಿತ್ತು. ಒಂದು ಬೈಟನ್ನು ನೋಡಿ ಪ್ರವಾಹ ಮತ್ತು ಅಯಸ್ಕಾಂತಗಳನ್ನು ಹೊಂದಿಸುವ ಕೆಲಸ ನಡೆಯುತ್ತಿತ್ತು. ಇನ್ನೊಂದು ಬೈಟನ್ನು ಮತ್ತೊಂದು ಕೆಲಸ ತನ್ನದೇ ಸಮಯದಲ್ಲಿ ನೋಡಿ ಬಿಲ್ಲೆಯನ್ನು ತಿರುಗಿಸುತ್ತಿತ್ತು. ಮೊದಲನೆಯದು ಓದಿದ್ದು ತಿದ್ದುವುದಕ್ಕೆ ಮೊದಲು, ಎರಡನೆಯದು ಓದಿದ್ದು ತಿದ್ದಿದ ಮೇಲೆ. ಪ್ರವಾಹ ಕ್ಷ-ಕಿರಣದ್ದು, ಬಿಲ್ಲೆ ಎಲೆಕ್ಟ್ರಾನಿನದು. ಅಂಥ ಚಿಕಿತ್ಸೆಯನ್ನು ಯಾವ ವೈದ್ಯರೂ ಬರೆದಿರಲಿಲ್ಲ, ಯಾರೂ ಟೈಪು ಮಾಡಿರಲಿಲ್ಲ. ಎರಡೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ತಾಳೆ ನೋಡುವ ಹಂತವೂ ತಂತ್ರಾಂಶದಲ್ಲಿರಲಿಲ್ಲ.

ಮಾರನೆಯ ದಿನ ತಯಾರಕರ ಇಂಜಿನಿಯರುಗಳು ಬಂದು ಪರೀಕ್ಷಿಸಿದರು. ದೋಷ ಮರುಕಳಿಸಲಿಲ್ಲ. ಏಪ್ರಿಲ್ 7ರಂದು ಯಂತ್ರ ಮತ್ತೆ ಕೆಲಸಕ್ಕೆ ಬಂತು. ಏಪ್ರಿಲ್ 11ರಂದು ಅದೇ ಆಪರೇಟರ್, ಅದೇ ತಿದ್ದುಪಡಿ, ಅದೇ MALFUNCTION 54. ಈ ಬಾರಿ ಮುಖದ ಚರ್ಮಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ರೋಗಿ ಮೂರು ವಾರದಲ್ಲಿ ತೀರಿಕೊಂಡರು. ಆಸ್ಪತ್ರೆಯ ಭೌತವಿಜ್ಞಾನಿ ಫ್ರಿಟ್ಜ್ ಹೇಗರ್ ಯಂತ್ರವನ್ನು ಕೂಡಲೇ ನಿಲ್ಲಿಸಿ, ಆಪರೇಟರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆಕೆ ಮಾಡಿದ್ದನ್ನೆಲ್ಲ ಮತ್ತೆ ಮತ್ತೆ ಮಾಡಿಸಿದರು. ವಿವರ ತುಂಬುವ ವೇಗವೇ ಗುಟ್ಟೆಂಬುದು ಆಗ ತಿಳಿಯಿತು. ನಿಧಾನವಾಗಿ, ಎಚ್ಚರಿಕೆಯಿಂದ ಟೈಪು ಮಾಡಿದರೆ ದೋಷ ಕಾಣುತ್ತಲೇ ಇರಲಿಲ್ಲ. ಕೈ ಪಳಗಿದವರು ವೇಗವಾಗಿ ಮಾಡಿದರೆ ಬೇಕೆಂದಾಗಲೆಲ್ಲ ಬರಿಸಬಹುದಾಗಿತ್ತು. ವೇಗಕ್ಕೆ ಇನ್ನೊಂದು ಕಾರಣವೂ ಇತ್ತು. ವಿವರ ತುಂಬಲು ಬಹಳ ಹೊತ್ತು ಹಿಡಿಯುತ್ತದೆಂದು ಬಳಕೆದಾರರು ದೂರಿದ್ದರಿಂದ, ರಿಟರ್ನ್ ಕೀಲಿ ಒತ್ತಿದರೆ ಸಾಕು ಎಂಬ ಸೌಲಭ್ಯವನ್ನು ತಯಾರಕರೇ ಸೇರಿಸಿದ್ದರು.

ಏಪ್ರಿಲ್ 15ರಂದು ತಯಾರಕರು ಎಲ್ಲ ಬಳಕೆದಾರರಿಗೂ ಕಳಿಸಿದ ತಾತ್ಕಾಲಿಕ ಪರಿಹಾರ ವಿಚಿತ್ರವಾಗಿದೆ. ಮೇಲ್ಮುಖ ಬಾಣದ ಕೀಲಿಯ ಟೋಪಿಯನ್ನು ಕಿತ್ತುಹಾಕಿ, ಅದರಡಿಯ ಸಂಪರ್ಕವು ಕೂಡದಂತೆ ವಿದ್ಯುತ್ ಟೇಪು ಅಂಟಿಸಿ ಎಂದರು! ನಗು ಬರಬಹುದು. ಆದರೆ ನನಗೆ ಅದು ಅರ್ಧದಷ್ಟಾದರೂ ಪ್ರಾಮಾಣಿಕ ಪರಿಹಾರವೆನಿಸುತ್ತದೆ. ತಿದ್ದುಪಡಿಯನ್ನು ಒಳಗೆ ಮುಟ್ಟಿಸಲಾಗದಿದ್ದರೆ ಹೊರಗೆ ತಿದ್ದಲು ಬಿಡಬಾರದು. ತೆರೆಯ ಮೇಲೆ e ಎಂದು ಒಪ್ಪಿಕೊಂಡು ಒಳಗೆ x ಹಿಡಿದುಕೊಂಡಿರುವುದಕ್ಕಿಂತ ‘ಈಗ ತಿದ್ದಲಾಗದು’ ಎನ್ನುವುದು ಮೇಲು. ಏಕೆ ಹಾಗೆ ಮಾಡಬೇಕೆಂಬುದನ್ನು ಮಾತ್ರ ಆ ಪತ್ರ ಬಿಡಿಸಿ ಹೇಳಿರಲಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಮೇ 2ರಂದು ಯಂತ್ರವನ್ನು ದೋಷಯುಕ್ತವೆಂದು ಘೋಷಿಸಿ, ಪೂರ್ಣ ಪರಿಹಾರ ಕೇಳಿತು.

ಆಮೇಲೆ ತಂತ್ರಾಂಶದಲ್ಲಿ ಎರಡು ಬದಲಾವಣೆಗಳಾದವು. ಅಯಸ್ಕಾಂತದ ಸೂಚಕವು ಎಲ್ಲ ಅಯಸ್ಕಾಂತಗಳೂ ಮುಗಿಯುವವರೆಗೆ ಮೇಲೇ ಇರುವಂತೆ ಮಾಡಿದರು. ಕರ್ಸರ್ ಕೊನೆಯ ಸಾಲಿನಲ್ಲಿಲ್ಲ ಎಂದು ತಿಳಿಸುವ ಹೊಸ ಸೂಚಕವೊಂದನ್ನೂ ಸೇರಿಸಿದರು. ತಯಾರಿಯ ಕೆಲಸ ಮುಂದಿನ ಹಂತಕ್ಕೆ ಹೋಗುವ ಮೊದಲು ಅದನ್ನು ನೋಡಿ, ಯಾರೋ ಇನ್ನೂ ತಿದ್ದುತ್ತಿದ್ದಾರೆಂದರೆ ವಿವರವನ್ನು ಮೊದಲಿನಿಂದ ಓದಬೇಕು. ಅಂದರೆ ಕಿರಣ ಹೊರಡುವವರೆಗಿನ ಹೊತ್ತಿನಲ್ಲಿ ತಿದ್ದುವ ಹಕ್ಕು ಆಪರೇಟರಿಗೆ ಉಳಿಯಿತು. ತಯಾರಿ ವ್ಯರ್ಥವಾದರೆ ಕಳೆದುಕೊಳ್ಳುವುದು ಇನ್ನೊಂದು 8 ಸೆಕೆಂಡು ಮಾತ್ರ. ಕಿರಣ ಹೊರಟ ಮೇಲೆ ತಿದ್ದುವುದೆಂಬುದಿಲ್ಲ, ನಿಲ್ಲಿಸುವುದೊಂದೇ.

ಈಗಿನ ದತ್ತಾಂಶ ವ್ಯವಸ್ಥೆಗಳಲ್ಲಿ ಇದನ್ನೇ ಇನ್ನೂ ಸರಳವಾಗಿ ಮಾಡುವುದುಂಟು. ಪ್ರತಿ ದಾಖಲೆಗೂ ಒಂದು ಕ್ರಮಸಂಖ್ಯೆ, ಪ್ರತಿ ತಿದ್ದುಪಡಿಗೂ ಅದರಲ್ಲಿ ಒಂದು ಏರಿಕೆ. ದಾಖಲೆಯನ್ನು ಎತ್ತಿಕೊಂಡಾಗ ಸಂಖ್ಯೆ 7 ಇದ್ದು, ಕೊನೆಯ ಹೆಜ್ಜೆ ಇಡುವಾಗ 8 ಆಗಿದ್ದರೆ ಮಾಡಿದ್ದನ್ನೆಲ್ಲ ಕೈಬಿಟ್ಟು ಮೊದಲಿನಿಂದ ಆರಂಭ. ಕರ್ಸರ್ ಎಲ್ಲಿಗೆ ಹೋಗಿ ಬಂದರೂ, ಎಷ್ಟು ಬೇಗ ಬಂದರೂ 8 ಎಂಬುದು 7 ಆಗುವುದಿಲ್ಲ.

ಥೆರಾಕ್-20ರ ಕಥೆ ಹೇಳುವುದು ಉಳಿದಿದೆ. ಟೈಲರಿನ ಸುದ್ದಿ ಹರಡಿದ ಮೇಲೆ ಷಿಕಾಗೊ ವಿಶ್ವವಿದ್ಯಾಲಯದ ಚಿಕಿತ್ಸಾ ಕೇಂದ್ರದ ಭೌತವಿಜ್ಞಾನಿಯೊಬ್ಬರು ತಮ್ಮಲ್ಲಿದ್ದ ಆ ಹಳೆಯ ಯಂತ್ರದಲ್ಲೂ ಇದೇ ದೋಷವಿದೆಯೇ ಎಂದು ಹುಡುಕಿದರು. ಇತ್ತು. ಹೊಸ ವಿದ್ಯಾರ್ಥಿಗಳು ಯಂತ್ರವನ್ನು ಕಲಿಯಲು ಬಂದಾಗಲೆಲ್ಲ ಫ್ಯೂಸುಗಳು ಸುಟ್ಟುಹೋಗುವುದನ್ನು ಅಲ್ಲಿ ಕಂಡಿದ್ದರು. ವಿದ್ಯಾರ್ಥಿಗಳು ಮನಬಂದಂತೆ ವಿವರಗಳನ್ನು ತುಂಬುವುದು, ತಿದ್ದುವುದು ಮಾಡುತ್ತಿದ್ದರು. ಅದೇ ತಿದ್ದುಪಡಿ, ಅದೇ ಬೆರಕೆ. ಆದರೆ ಅಲ್ಲಿ ತಂತ್ರಾಂಶದ ಹಿಂದೆ ಪ್ರತ್ಯೇಕ ವಿದ್ಯುತ್ ತಡೆ ನಿಂತಿತ್ತು. ಕಿರಣ ಹೊರಡುತ್ತಿರಲಿಲ್ಲ, ಫ್ಯೂಸು ಹೋಗುತ್ತಿತ್ತು. ಯಾರೋ ಬೈದುಕೊಂಡು ಹೊಸ ಫ್ಯೂಸು ಹಾಕುತ್ತಿದ್ದರು.