ಕಿಲ್ನ್ ನಿಂತರೂ ನಿಲ್ಲದ ಖರ್ಚು

ಸಿಮೆಂಟ್ ಕಂಪನಿಯ ಆರೋಗ್ಯ ಅಳೆಯಲು ಒಂದೇ ಅಂಕಿ ಸಾಕೆಂಬ ರೂಢಿ ಈಗ ಬಂದಿದೆ: ಟನ್ನಿಗೆ ಎಷ್ಟು ಎಬಿಟ್ಡಾ, ಅಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ. ಷೇರುಪೇಟೆಯವರಿಗೆ ಅದು ಅನುಕೂಲ. ಆದರೆ ಸೇಡಂ, ಚಿತ್ತಾಪುರ ಸೀಮೆಯ ಕಾರ್ಖಾನೆಗಳನ್ನು ಮುಳುಗಿಸುವುದು ಬಹುಪಾಲು ಬಡ್ಡಿ ಮತ್ತು ಸವಕಳಿಯೇ. ಈ ಅಂಕಿ ಎರಡನ್ನೂ ಲೆಕ್ಕದ ಹೊರಗೆ ನಿಲ್ಲಿಸುತ್ತದೆ.

ಆ ಎರಡನ್ನೂ ಲೆಕ್ಕದೊಳಗೆ ತರಬಲ್ಲ ಬ್ರೇಕ್-ಈವನ್ ನಕ್ಷೆ ಎಂಜಿನಿಯರುಗಳ ಕೂಸು. ಅಮೆರಿಕದ ಹೆನ್ರಿ ಹೆಸ್ 1903ರಲ್ಲೇ ವೆಚ್ಚ ಮತ್ತು ಮಾರಾಟದ ಗೆರೆಗಳನ್ನು ಒಂದೇ ಹಾಳೆಯಲ್ಲಿ ಎಳೆದ. ಕೊಲಂಬಿಯಾ ವಿಶ್ವವಿದ್ಯಾಲಯದ ವಾಲ್ಟರ್ ರೌಟೆನ್‌ಸ್ಟ್ರಾಖ್ ಅದನ್ನು ಬಳಕೆಗೆ ತಂದ. ಲೆವರೇಜಿನ ಸೂತ್ರಗಳು ಹಣಕಾಸಿನ ಪಠ್ಯಪುಸ್ತಕಗಳಲ್ಲಿ ನೆಲೆಯೂರಿದ್ದು ಆಮೇಲೆ.

ನಮ್ಮಲ್ಲಿ ಶಹಾಬಾದ್‌ನ ಹಳೆಯ ಕಾರ್ಖಾನೆ 1936ರಲ್ಲಿ ಎಸಿಸಿಯೊಳಗೆ ಸೇರಿತು, 1960ರ ದಶಕದಲ್ಲಿ ವಾಡಿ ಬಂತು. ಆಗ ದರ ಸರ್ಕಾರದ್ದು. ಹಾಗಾಗಿ ಬ್ರೇಕ್-ಈವನ್ ಎಂದರೆ 'ಎಷ್ಟು ಟನ್?' ಎಂಬ ಒಂದೇ ಪ್ರಶ್ನೆ. ಆ ಕಾಲದ ಒಂದು ಉಪಕಾರ ಮರೆಯಬಾರದು: ದರ ನಿಗದಿಗಾಗಿಯೇ ಸಿಮೆಂಟಿನ ವೆಚ್ಚವನ್ನು ಬಿಡಿಬಿಡಿಯಾಗಿ ಬರೆದಿಡುವ ಶಿಸ್ತು ಬೆಳೆಯಿತು. 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ತಿ ನಿಯಂತ್ರಣ ಹೋದಾಗ ಆ ವೆಚ್ಚದ ಪುಸ್ತಕಗಳೇ ನಮ್ಮ ಪೀಳಿಗೆಯ ಕಾಸ್ಟ್ ಅಕೌಂಟೆಂಟರಿಗೆ ಬಂಡವಾಳವಾದವು. ಮಳಖೇಡ, ಸೇಡಂಗಳಲ್ಲಿ ದೊಡ್ಡ ಕಿಲ್ನ್‌ಗಳು ಎದ್ದವು. ಸಾರ್ವಜನಿಕ ವಲಯದ ಕುರಕುಂಟಾ ಕಾರ್ಖಾನೆ 1990ರ ದಶಕದ ಕೊನೆಗೆ ನಿಂತುಹೋಯಿತು.

ನಾವು ಮೊದಲು ಕಲಿತದ್ದು, ವೆಚ್ಚ ತನ್ನ ಹಣೆಯ ಮೇಲೆ ಸ್ಥಿರ, ಚಲ ಎಂದು ಬರೆದುಕೊಂಡು ಬರುವುದಿಲ್ಲ ಎಂಬುದನ್ನು. ವಿದ್ಯುತ್ ಬಿಲ್ಲಿನಲ್ಲಿ ಡಿಮ್ಯಾಂಡ್ ಚಾರ್ಜ್ ಸ್ಥಿರ, ಯೂನಿಟ್ಟಿನದು ಚಲ. ಕಲ್ಲಿದ್ದಲು ಚಲ ಎನ್ನುತ್ತೇವೆ. ಕಿಲ್ನ್ ನಿಲ್ಲಿಸಿ ಮತ್ತೆ ಹಚ್ಚಿದರೆ ಒಂದು ಟನ್ ಕ್ಲಿಂಕರ್ ಬರುವ ಮೊದಲೇ ಕಾಯಿಸಲು ಇಂಧನ ಸುಡುತ್ತದೆ, ಆರಿ ಕಾದ ಪೆಟ್ಟಿಗೆ ಒಳಗಿನ ಬೆಂಕಿ ಇಟ್ಟಿಗೆ ಸಡಿಲುತ್ತದೆ. ತಿಂಗಳಲ್ಲಿ ಎಷ್ಟು ಸಲ ನಿಂತಿತೆಂದು ಕೇಳದೆ ಬರೀ ಟನ್ ನೋಡಿ ಗೆರೆ ಎಳೆದವರ ನಕ್ಷೆ ಸುಂದರವಾಗಿರುತ್ತದೆ, ಅಷ್ಟೇ.

ಒಂದು ಕಲ್ಪಿತ ಕಾರ್ಖಾನೆ ತೆಗೆದುಕೊಳ್ಳೋಣ. ಟನ್ನಿಗೆ ಕೈಗೆ ಬರುವ ದರ 4,500 ರೂಪಾಯಿ; ಇಂಧನ, ವಿದ್ಯುತ್, ಚೀಲ, ರಾಯಲ್ಟಿ, ಸಾಗಣೆ ಸೇರಿ ಚಲ ವೆಚ್ಚ 3,000. ಉಳಿಯುವ ಕಾಂಟ್ರಿಬ್ಯೂಷನ್ 1,500. ಸವಕಳಿಯೂ ಸೇರಿ ಸ್ಥಿರ ವೆಚ್ಚ 150 ಕೋಟಿ ಎಂದರೆ ಬ್ರೇಕ್-ಈವನ್ 10 ಲಕ್ಷ ಟನ್. ಮಾರಾಟ 16 ಲಕ್ಷ ಟನ್ ಇದ್ದರೆ ಕಾಂಟ್ರಿಬ್ಯೂಷನ್ 240 ಕೋಟಿ, ಕಾರ್ಯಾಚರಣೆ ಲಾಭ 90 ಕೋಟಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಆಪರೇಟಿಂಗ್ ಲೆವರೇಜ್ ಸುಮಾರು 2.67. ಬಡ್ಡಿ 45 ಕೋಟಿ ಇದ್ದರೆ ತೆರಿಗೆಗೆ ಮುಂಚಿನ ಲಾಭ 45 ಕೋಟಿ. 90ನ್ನು 45ರಿಂದ ಭಾಗಿಸಿದರೆ ಫೈನಾನ್ಶಿಯಲ್ ಲೆವರೇಜ್ 2. ಗುಣಿಸಿದರೆ 5.33: ಟನ್ ಶೇ. 10 ಇಳಿದರೆ ಲಾಭ 45ರಿಂದ 21 ಕೋಟಿಗೆ, ಶೇ. 53ರಷ್ಟು ಕುಸಿಯುತ್ತದೆ. ಬಡ್ಡಿಯನ್ನೂ ದುಡಿಯಬೇಕಾದರೆ ಬ್ರೇಕ್-ಈವನ್ 13 ಲಕ್ಷ ಟನ್.

ಇವು 16 ಲಕ್ಷ ಟನ್ನಿನ ಅಂಕಿಗಳು. 12 ಲಕ್ಷ ಟನ್ನಿನಲ್ಲಿ ಆಪರೇಟಿಂಗ್ ಲೆವರೇಜ್ 6 ಆಗುತ್ತದೆ. 'ಈ ಕಂಪನಿಯ ಲೆವರೇಜ್ ಇಷ್ಟು' ಎಂದು ಹುಟ್ಟುಗುಣದಂತೆ ಹೇಳುವವರು ಇದನ್ನು ನುಂಗಿಬಿಡುತ್ತಾರೆ.

ಇನ್ನೊಂದು ಮಿತಿ ಇನ್ನೂ ಗಂಭೀರ. ಸೂತ್ರ ಹೇಳುವುದು ಟನ್ನಿನ ಏರಿಳಿತವನ್ನು ಮಾತ್ರ. 2010ರ ದಶಕದಲ್ಲಿ ಚಿಂಚೋಳಿಯ ಛತ್ರಸಾಲಾ, ಚಿತ್ತಾಪುರದ ಇಟಗಾ, ಸೇಡಂನ ಕೊಡ್ಲಾಗಳಲ್ಲಿ ಹೊಸ ಕಿಲ್ನ್‌ಗಳು ಬಂದವು. ಹೀಗೆ ಒಂದೇ ಸೀಮೆಯಲ್ಲಿ ಸಾಮರ್ಥ್ಯ ತುಂಬಿದಾಗ ಅಲುಗುವುದು ಟನ್ನಿಗಿಂತ ಹೆಚ್ಚಾಗಿ ದರ. ಮೇಲಿನ ಕಾರ್ಖಾನೆ 16 ಲಕ್ಷ ಟನ್ ಪೂರ್ತಿ ಮಾರಿ, ದರವಷ್ಟೇ ಶೇ. 5 ಇಳಿಸಿತೆನ್ನಿ. ಕಾಂಟ್ರಿಬ್ಯೂಷನ್ 1,275ಕ್ಕೆ ಇಳಿದು, ಲಾಭ 45 ಕೋಟಿಯಿಂದ 9 ಕೋಟಿಗೆ ಬರುತ್ತದೆ. ಬಡ್ಡಿ ಸೇರಿದ ಬ್ರೇಕ್-ಈವನ್ ಸುಮಾರು 15.3 ಲಕ್ಷ ಟನ್‌ಗೆ ಏರುತ್ತದೆ. ಟನ್ನಿನ ಶೇ. 10 ಇಳಿಕೆಗಿಂತ ದರದ ಶೇ. 5 ಇಳಿಕೆಯ ಹೊಡೆತ ಜೋರು.

ಇಷ್ಟೆಲ್ಲ ನಕ್ಷೆ ಬರೆದದ್ದು ಕಿಲ್ನ್‌ಗಳಿಗೆ. ಶಹಾಬಾದ್ ಹಾಸುಗಲ್ಲಿನ ಪಾಲಿಶ್ ಘಟಕಗಳಿಗೆ, ತೊಗರಿಯ ದಾಲ್ ಮಿಲ್ಲುಗಳಿಗೆ ನಮ್ಮ ಪೀಳಿಗೆ ಅಂಥದೇ ಶ್ರದ್ಧೆ ತೋರಲಿಲ್ಲ. ಮಿಲ್ಲಿನಲ್ಲಿ ಯಂತ್ರದ ಸ್ಥಿರ ವೆಚ್ಚ ಕಡಿಮೆ, ವೆಚ್ಚದ ಬಹುಪಾಲು ಖರೀದಿಸಿದ ತೊಗರಿ. ಪುಸ್ತಕದ ಪ್ರಕಾರ ಆಪರೇಟಿಂಗ್ ಲೆವರೇಜ್ ಹಗುರ. ಆದರೆ ಸುಗ್ಗಿಯಲ್ಲಿ ಬ್ಯಾಂಕಿನ ಕ್ಯಾಷ್ ಕ್ರೆಡಿಟ್‌ನಲ್ಲಿ ತುಂಬಿಟ್ಟ ದಾಸ್ತಾನಿನ ಬಡ್ಡಿ ದಿನ ಲೆಕ್ಕದಲ್ಲಿ ಬೆಳೆಯುತ್ತದೆ. ಬಡ್ಡಿ ಸ್ಥಿರವೆಂದು ಹಿಡಿಯುವ ಫೈನಾನ್ಶಿಯಲ್ ಲೆವರೇಜ್ ಸೂತ್ರ ಅಲ್ಲಿ ಹಾಗೇ ಕೂರುವುದಿಲ್ಲ. ಒಂದು ಕ್ವಿಂಟಲ್ ಗೋದಾಮಿನಲ್ಲಿ ಎಷ್ಟು ದಿನ ಕೂತಿತೆಂಬ ಲೆಕ್ಕ ಹಿಡಿದು ಬ್ರೇಕ್-ಈವನ್ ದರವನ್ನು ತಿಂಗಳು ತಿಂಗಳಿಗೆ ಬೇರೆಯಾಗಿಯೇ ಬರೆಯಬೇಕಾಗುತ್ತದೆ.