ಹಾಸ್ಟೆಲ್ ಗೆಳೆತನದ ಗಾಢತೆ: ಅರ್ಥವೇನು, ಅನರ್ಥವೇನು?

ಹೆಣ್ಣುಮಕ್ಕಳ ವಸತಿನಿಲಯವೊಂದರಲ್ಲಿ ದಿಂಬಿನ ಅಡಿ ಒಂದು ಪತ್ರ ಸಿಕ್ಕಿತೆನ್ನಿ. ಕಿರಿಯ ತರಗತಿಯ ಹುಡುಗಿ ಮೇಲಿನ ತರಗತಿಯ ‘ಅಕ್ಕ’ನಿಗೆ ಬರೆದದ್ದು. ಮೆಸ್ಸಿನಲ್ಲಿ ನೀವು ಬೇರೆಯವರ ಪಕ್ಕ ಕುಳಿತಿರಿ, ನನಗೆ ಊಟ ಸೇರಲಿಲ್ಲ ಎಂಬ ಮುನಿಸು ಅದರ ತುಂಬ. ಪತ್ರ ವಾರ್ಡನ್ ಕೈಗೆ ಬಂದಾಗ ಸಾಮಾನ್ಯವಾಗಿ ಎರಡರಲ್ಲೊಂದು ತೀರ್ಪು ಹೊರಬೀಳುತ್ತದೆ. ‘ವಯಸ್ಸಿನ ಹುಡುಗಾಟ, ಮದುವೆಯಾದರೆ ಸರಿಹೋಗುತ್ತದೆ’ ಎಂಬುದು ಒಂದು. ‘ಇದು ಕಾಯಿಲೆ, ಮನೆಯವರಿಗೆ ತಿಳಿಸಿ’ ಎಂಬುದು ಇನ್ನೊಂದು. ಪತ್ರದಲ್ಲಿ ಇಲ್ಲದ್ದನ್ನು ಓದಿಕೊಳ್ಳುವುದರಲ್ಲಿ ಎರಡು ತೀರ್ಪುಗಳೂ ಸಮಾನವೇ.

ಇಂತಹ ಸಂಬಂಧಗಳು ಒಂದು ಪದ್ಧತಿಯಾಗಿಯೇ ಬೆಳೆದು, ಅವುಗಳ ದಾಖಲೆಯೂ ಚೆನ್ನಾಗಿ ಉಳಿದಿರುವುದು ಜಪಾನಿನಲ್ಲಿ. 1899ರ ರಾಜಾಜ್ಞೆಯ ನಂತರ ಅಲ್ಲಿನ ಪ್ರಾಂತ್ಯಗಳಲ್ಲೆಲ್ಲ ಬಾಲಕಿಯರ ಪ್ರೌಢಶಾಲೆಗಳು ತಲೆಯೆತ್ತಿದವು. ಮಧ್ಯಮ ವರ್ಗದ ಹುಡುಗಿಯರು ಮನೆಯ ಅಂಗಳ ದಾಟಿ, ಮದುವೆಗೆ ಮುನ್ನ ನಾಲ್ಕೈದು ವರ್ಷ ತಮ್ಮದೇ ವಯಸ್ಸಿನವರೊಡನೆ ಕಳೆಯುವಂತಾಯಿತು. ಆ ಶಾಲೆಗಳಲ್ಲಿ ಹಿರಿಯ-ಕಿರಿಯ ವಿದ್ಯಾರ್ಥಿನಿಯರ ಜೋಡಿಗೆ ‘ಎಸ್’ ಎಂಬ ಹೆಸರು ಬಂತು. ಸೋದರಿ ಎಂಬರ್ಥದ ‘ಸಿಸ್ಟರ್’ ಪದದ ಮೊದಲ ಅಕ್ಷರವದು. ಹಿರಿಯಳು ಅಕ್ಕ, ಕಿರಿಯಳು ತಂಗಿ. ಶಾಲೆಯ ಬಾಗಿಲಲ್ಲಿ ಪಾದರಕ್ಷೆ ಇಡುವ ಪುಟ್ಟ ಕಪಾಟಿನೊಳಗೆ ಪತ್ರ ಇಟ್ಟು ಹೋಗುವುದು, ರಿಬ್ಬನ್ನು, ಹೂವುಗಳ ವಿನಿಮಯ, ಒಬ್ಬಳಿಗೆ ಒಬ್ಬಳೇ ಎಂಬ ನಿಯಮ, ನಿಯಮ ಮುರಿದಾಗ ಕಣ್ಣೀರು. ನಮ್ಮ ಹಾಸ್ಟೆಲುಗಳಲ್ಲಿ ಬೆಳೆದವರಿಗೆ ಇದಾವುದೂ ಅಪರಿಚಿತವೆನಿಸಲಾರದು.

ಇದನ್ನು ಹಿರಿಯರು ಬಹುಮಟ್ಟಿಗೆ ಸಹಿಸಿದರು. ಕಾರಣ ಸರಳ. ಹುಡುಗರೊಡನೆ ಸ್ನೇಹ ಬೆಳೆಸುವುದಕ್ಕಿಂತ ಇದು ‘ಸುರಕ್ಷಿತ’ವೆಂಬ ಲೆಕ್ಕಾಚಾರ, ಹೇಗೂ ವಿವಾಹದೊಂದಿಗೆ ಮುಗಿಯುತ್ತದೆಂಬ ನಂಬಿಕೆ. ಆದರೆ 1911ರಲ್ಲಿ, ಟೋಕಿಯೋದ ಬಾಲಕಿಯರ ಶಾಲೆಯೊಂದರಲ್ಲಿ ಕಲಿತಿದ್ದ ಇಬ್ಬರು ತರುಣಿಯರು ನೀಗಾಟ ಪ್ರಾಂತ್ಯದ ಕಡಲಿನಲ್ಲಿ ಒಟ್ಟಿಗೆ ಪ್ರಾಣ ಕಳೆದುಕೊಂಡಾಗ ಪತ್ರಿಕೆಗಳು ಗದ್ದಲವೆಬ್ಬಿಸಿದವು. ಅಲ್ಲಿಂದಾಚೆಗೆ ತಜ್ಞರೆನಿಸಿಕೊಂಡವರು ‘ಶುದ್ಧ ಸ್ನೇಹ’ ಮತ್ತು ‘ರೋಗಗ್ರಸ್ತ ಪ್ರೇಮ’ ಎಂಬ ಎರಡು ಖಾನೆಗಳನ್ನು ಮಾಡಿ, ಯಾವ ಹುಡುಗಿ ಯಾವ ಖಾನೆಗೆ ಸೇರಿದವಳೆಂದು ಪತ್ತೆಹಚ್ಚಲು ಹೊರಟರು. ಹೊರಗಿನ ಲಕ್ಷಣಗಳಿಂದ ಅದು ಪತ್ತೆಯಾಗುವಂತಹುದಾಗಿರಲಿಲ್ಲ.

ಇದಕ್ಕೆ ಲೇಖಕಿ ಯೋಶಿಯಾ ನೊಬುಕೊ ಅವರ ಬದುಕಿಗಿಂತ ಒಳ್ಳೆಯ ಉದಾಹರಣೆ ದೊರಕದು. 1896ರಲ್ಲಿ ಜನಿಸಿದ ಆಕೆ, 1916ರಿಂದ ಬಾಲಕಿಯರ ಪತ್ರಿಕೆಯೊಂದರಲ್ಲಿ ‘ಹೂಗಳ ಕತೆಗಳು’ ಎಂಬ ಅರ್ಥದ ಕಥಾಮಾಲೆಯನ್ನು ಬರೆಯತೊಡಗಿದರು. ಹಾಸ್ಟೆಲ್, ಅಗಲಿಕೆ, ಹೇಳದೆ ಉಳಿದ ಮಾತುಗಳೇ ಆ ಕತೆಗಳ ವಸ್ತು. ಅವುಗಳನ್ನು ಓದಿ ಕಣ್ಣೊರೆಸಿಕೊಂಡ ಹುಡುಗಿಯರಲ್ಲಿ ಹೆಚ್ಚಿನವರು ಮುಂದೆ ವಿವಾಹವಾಗಿ ಸಂಸಾರವಂದಿಗರಾದರು. ಬರೆದ ಯೋಶಿಯಾ ಆಗಲಿಲ್ಲ. 1923ರಲ್ಲಿ ಪರಿಚಯವಾದ ಮೊನ್ಮ ಚಿಯೊ ಎಂಬ ಶಿಕ್ಷಕಿಯೊಂದಿಗೆ ಆಕೆ 1973ರಲ್ಲಿ ನಿಧನರಾಗುವವರೆಗೂ ಬಾಳಿದರು. ಇಬ್ಬರು ಹೆಂಗಸರ ವಿವಾಹಕ್ಕೆ ಕಾನೂನಿನಲ್ಲಿ ಎಡೆಯಿರಲಿಲ್ಲವಾದ್ದರಿಂದ 1957ರಲ್ಲಿ ಮೊನ್ಮರನ್ನು ಕಾನೂನುಬದ್ಧವಾಗಿ ‘ಮಗಳು’ ಎಂದು ದತ್ತು ಪಡೆದರು. ಅದೇ ಬಗೆಯ ಶಾಲೆ, ಅದೇ ಬಗೆಯ ಪತ್ರ, ಅದೇ ಕಣ್ಣೀರು. ಮುಂದಿನ ದಾರಿಗಳು ಮಾತ್ರ ಬೇರೆ ಬೇರೆ.

ಇದು ಒಬ್ಬರ ಕತೆಯಾಯಿತು, ಅಂಕಿ-ಅಂಶ ಎಲ್ಲಿ ಎಂದು ಓದುಗರು ಕೇಳಬಹುದು. ಅಮೆರಿಕದ ಸಮಾಜಶಾಸ್ತ್ರಜ್ಞೆ ಕ್ಯಾಥರೀನ್ ಬೆಮೆಂಟ್ ಡೇವಿಸ್ 1929ರಲ್ಲಿ 2,200 ಮಹಿಳೆಯರ ಸಮೀಕ್ಷೆಯನ್ನು ಪ್ರಕಟಿಸಿದರು. ಅವರಲ್ಲಿ ಕಾಲೇಜು ಶಿಕ್ಷಣ ಪಡೆದ ಅವಿವಾಹಿತೆಯರು 1,200. ಇತರ ಮಹಿಳೆಯರೊಡನೆ ತೀವ್ರವಾದ ಭಾವನಾತ್ಮಕ ಸಂಬಂಧ ತಮಗಿತ್ತೆಂದು ಹೇಳಿದವರು ಆ 1,200ರಲ್ಲಿ ಸುಮಾರು ಅರ್ಧದಷ್ಟು ಮಂದಿ. ವಿವಾಹಿತೆಯರಲ್ಲಿಯೂ ಸುಮಾರು ಹತ್ತರಲ್ಲಿ ಮೂವರು ಹಾಗೆಯೇ ಹೇಳಿದ್ದರು. ಎಂದರೆ ಅಂತಹ ಸಂಬಂಧವೊಂದು ಇತ್ತೆಂಬುದರಿಂದ ಮುಂದಿನ ಬದುಕನ್ನು ಊಹಿಸಲಾಗದು.

ಹಾಗೆಂದು ‘ಎಲ್ಲವೂ ಒಂದು ಘಟ್ಟ, ತಾನಾಗಿ ಕಳೆಯುತ್ತದೆ’ ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಮನಶ್ಶಾಸ್ತ್ರಜ್ಞೆ ಲೀಸಾ ಡೈಮಂಡ್, ಹೆಂಗಸರತ್ತ ಆಕರ್ಷಣೆಯುಳ್ಳ 79 ತರುಣಿಯರನ್ನು ಹತ್ತು ವರ್ಷ ಕಾಲ ಮತ್ತೆ ಮತ್ತೆ ಸಂದರ್ಶಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು ಮೂರನೇ ಎರಡು ಭಾಗ ತರುಣಿಯರು ತಮ್ಮನ್ನು ಕರೆದುಕೊಳ್ಳುವ ಹೆಸರನ್ನು ಆ ಅವಧಿಯಲ್ಲಿ ಒಮ್ಮೆಯಾದರೂ ಬದಲಿಸಿದ್ದರು. ಆದರೆ ಆಕರ್ಷಣೆ ಅಳಿದುಹೋಗಿ ‘ಘಟ್ಟ ಮುಗಿಯಿತು’ ಎನ್ನುವಂತಹ ಚಿತ್ರ ಅಲ್ಲಿ ಮೂಡಲಿಲ್ಲ. ಹೆಸರು ಬದಲಾದಷ್ಟು ಸುಲಭವಾಗಿ ಒಲವು ಬದಲಾಗಿರಲಿಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಮತ್ಸರ, ಒಬ್ಬಳನ್ನೇ ಹಂಬಲಿಸುವುದು, ಕೈ ಹಿಡಿದು ನಡೆಯುವುದು, ರಜೆಯಲ್ಲಿ ಊಟ ಬಿಡುವುದು, ಇವಾವುವೂ ಸುಳಿವಲ್ಲ. ಬರಿಯ ಗೆಳೆತನದಲ್ಲಿಯೂ ಇವೆಲ್ಲ ಉಂಟು. ಮನೆಯಿಂದ ದೂರವಾದ ಮಗುವಿಗೆ ತಾಯಿಯ ಜಾಗವನ್ನು ಗೆಳತಿ ತುಂಬುವುದೂ ಉಂಟು. ಏನಾದರೂ ಅರ್ಥ ಹೇಳುವುದಿದ್ದರೆ ಅದು ಕಾಲ. ಹಾಸ್ಟೆಲ್ ಬಿಟ್ಟು, ಎಲ್ಲ ಬಗೆಯ ಜನರ ನಡುವೆ ಬಂದ ಮೇಲೂ ಮನಸ್ಸು ಪದೇ ಪದೇ ಅದೇ ದಿಕ್ಕಿಗೆ, ಬೇರೆ ಬೇರೆ ವ್ಯಕ್ತಿಗಳತ್ತ ಹರಿಯುತ್ತದೆಯೇ ಎಂಬುದು. ಆ ಪ್ರಶ್ನೆಗೆ ಉತ್ತರ ತಿಳಿದಿರುವುದು ಆಕೆಗೆ, ಅಥವಾ ಆತನಿಗೆ ಮಾತ್ರ. ಬಾಲಕರ ವಸತಿಶಾಲೆಗಳಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ಅಳುವಿಗೆ ಅವಕಾಶ ಕಡಿಮೆ, ಗೇಲಿ ಹೆಚ್ಚು, ಅಷ್ಟೇ ವ್ಯತ್ಯಾಸ.

ವಾರ್ಡನ್‌ಗಳು ನಿಜವಾಗಿ ಗಮನಿಸಬೇಕಾದದ್ದು ಬೇರೆ ಇದೆ. ಹಿರಿಯ ವಿದ್ಯಾರ್ಥಿಯೊಬ್ಬರು ಕಿರಿಯರನ್ನು ಹೆದರಿಸಿಯೋ, ಒತ್ತಾಯಿಸಿಯೋ ಹತ್ತಿರ ಇರಿಸಿಕೊಂಡಿದ್ದಾರೆಯೇ? ಅದು ಪ್ರೇಮವೂ ಅಲ್ಲ, ಸ್ನೇಹವೂ ಅಲ್ಲ; ದೌರ್ಜನ್ಯ. ಹದಿನೆಂಟರ ಒಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ದೂರು ನೀಡುವುದು ಕಡ್ಡಾಯ. ಈ ಕಾಯ್ದೆ ಹುಡುಗ-ಹುಡುಗಿ ಎಂಬ ಭೇದ ಮಾಡುವುದಿಲ್ಲ. ಮುನಿಸಿನ ಪತ್ರ ಮಾತ್ರ ಅದರ ವ್ಯಾಪ್ತಿಗೆ ಬರುವುದಿಲ್ಲ. ಎರಡನೆಯದು, ಜೋಡಿ ಮುರಿದಾಗಿನ ದುಃಖ. ದೊಡ್ಡವರ ಕಣ್ಣಿಗೆ ಅದು ಕ್ಷುಲ್ಲಕವಾಗಿ ಕಂಡರೂ ಮಗುವಿಗೆ ಸಾವಿನಷ್ಟೇ ದೊಡ್ಡದು. ಪತ್ರವನ್ನು ಪ್ರಾರ್ಥನಾ ಸಭೆಯಲ್ಲಿ ಓದಿಸಿ, ರಾತ್ರೋರಾತ್ರಿ ಕೋಣೆ ಬದಲಿಸಿ, ಪಾಲಕರನ್ನು ಕರೆಸಿ ಛೀಮಾರಿ ಹಾಕಿಸಿದರೆ ದುಃಖದ ಜೊತೆಗೆ ಅವಮಾನವೂ ಸೇರುತ್ತದೆ. ಅಪಾಯ ಹೆಚ್ಚುವುದು ಅಲ್ಲಿಯೇ.

ಪಾಲಕರು ‘ಚಿಕಿತ್ಸೆ’ಗೆ ಓಡುವುದೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯು ಸಲಿಂಗ ಒಲವನ್ನು 1990ರಲ್ಲಿಯೇ ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. ಆದರೂ ತನ್ನ ಒಲವು ಯಾವುದೆಂದು ತಿಳಿಯದೆ ತೊಳಲಾಡುವ ಹದಿಹರೆಯದವರಿಗೆ ಅನ್ವಯವಾಗುವಂತಹ ಒಂದು ಪ್ರತ್ಯೇಕ ಸಂಕೇತ ಹಳೆಯ ಪಟ್ಟಿಯಲ್ಲಿ ಉಳಿದಿತ್ತು. 2022ರಲ್ಲಿ ಜಾರಿಗೆ ಬಂದ ಹನ್ನೊಂದನೆಯ ಆವೃತ್ತಿಯಲ್ಲಿ ಅದೂ ಇಲ್ಲ. ಭಾರತದಲ್ಲಿ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದಿತು. 2021ರಲ್ಲಿ ಮದ್ರಾಸ್ ಹೈಕೋರ್ಟ್ ಒಲವನ್ನು ಬದಲಿಸುವ ‘ಚಿಕಿತ್ಸೆ’ಯನ್ನು ನಿಷೇಧಿಸುವಂತೆ ಸೂಚಿಸಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಅದನ್ನು ವೈದ್ಯರ ವೃತ್ತಿ ದುರ್ನಡತೆಯೆಂದು ಪರಿಗಣಿಸಿತು. ಆದ್ದರಿಂದ ಮಗುವಿನ ಒಲವನ್ನು ‘ಸರಿಪಡಿಸುತ್ತೇನೆ’ ಎನ್ನುವ ವೈದ್ಯರ ವಿರುದ್ಧ ರಾಜ್ಯ ವೈದ್ಯಕೀಯ ಪರಿಷತ್ತಿಗೆ ದೂರು ನೀಡಬಹುದು. ಮಗು ಊಟ-ನಿದ್ರೆ ಬಿಟ್ಟು ಕುಗ್ಗಿದ್ದರೆ ಆ ಕುಗ್ಗುವಿಕೆಗೆ ನೆರವು ಬೇಕು. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲು-ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.